ಲಕ್ಷ ದಾಟಿದರೂ ವಾರ್ಷಿಕ ಶುಲ್ಕ ಬಂದಿದ್ದೇಕೆ?

ಪ್ರಶ್ನೆ: ವರ್ಷಕ್ಕೆ ಲಕ್ಷ ರೂಪಾಯಿ ಖರ್ಚಾದರೆ ಕ್ರೆಡಿಟ್ ಕಾರ್ಡ್ ಶುಲ್ಕ ಮನ್ನಾ ಎಂದಿದ್ದರು. ಆಗಸ್ಟ್ 14ಕ್ಕೆ ಕಾರ್ಡ್‌ಗೆ ವರ್ಷವಾಯಿತು. ಕೂಡಿದರೆ 1,08,500 ರೂಪಾಯಿ ಇದೆ. ಆದರೂ 499 ರೂಪಾಯಿ ಶುಲ್ಕ ಹಾಕಿದ್ದಾರೆ. ಇದು ಮೋಸವಲ್ಲವೇ?

ಮೋಸವಲ್ಲ, ಕೂಡುವ ಕ್ರಮ ತಪ್ಪು. ಕಾರ್ಡ್‌ನ ವರ್ಷ ಏಪ್ರಿಲ್‌ನಿಂದಲ್ಲ, ಕಾರ್ಡ್ ಮಂಜೂರಾದ ದಿನದಿಂದ ಶುರುವಾಗುತ್ತದೆ ಎಂಬುದನ್ನಾದರೂ ನೀವು ಸರಿಯಾಗಿ ಹಿಡಿದಿದ್ದೀರಿ, ಸದ್ಯ.

ನೀವು ಕಳಿಸಿದ ಸ್ಟೇಟ್‌ಮೆಂಟ್‌ಗಳನ್ನೇ ನೋಡಿ. ಆ್ಯಪ್ ಮೂಲಕ ಕಟ್ಟಿದ 9,000 ರೂಪಾಯಿ ಮನೆ ಬಾಡಿಗೆ ಇದೆ. ಹಣ ಪಡೆಯುವ ಪ್ರತಿ ವ್ಯಾಪಾರಿಗೂ ವ್ಯವಹಾರದ ಬಗೆ ಸೂಚಿಸುವ ನಾಲ್ಕಂಕಿಯ ಸಂಕೇತವಿರುತ್ತದೆ. ಬಾಡಿಗೆಗೆ 6513. ಬ್ಯಾಂಕ್‌ನ ಗಣಕ ನೋಡುವುದು ಇದನ್ನೇ, ನಿಮ್ಮ ಉದ್ದೇಶವನ್ನಲ್ಲ. ಬಾಡಿಗೆ, ವಾಲೆಟ್‌ಗೆ ತುಂಬಿದ ಹಣ, ಎಟಿಎಂ ನಗದು, ಬಡ್ಡಿ, ದಂಡಗಳನ್ನು ಬಹುತೇಕ ಬ್ಯಾಂಕ್‌ಗಳು ಹೊರಗಿಡುತ್ತವೆ. ಪೆಟ್ರೋಲ್ ಮತ್ತು ಇಎಂಐ ವಿಷಯದಲ್ಲಿ ಕಾರ್ಡ್‌ನಿಂದ ಕಾರ್ಡ್‌ಗೆ ನಿಯಮ ಬೇರೆ. ನಿಯಮ ನಡುವೆಯೂ ಬದಲಾಗುತ್ತದೆ: ಐಸಿಐಸಿಐ ಬ್ಯಾಂಕ್ 2024ರ ನವೆಂಬರ್ 15ರಿಂದ ಬಾಡಿಗೆ, ಸರ್ಕಾರಿ ಪಾವತಿ ಮತ್ತು ಶಿಕ್ಷಣದ ವೆಚ್ಚವನ್ನು ಈ ಲೆಕ್ಕದಿಂದ ಕೈಬಿಟ್ಟಿತು.

ಇನ್ನು 4,200 ರೂಪಾಯಿಯ ಮಿಕ್ಸಿ. ವಾಪಸ್ ಮಾಡಿ ಹಣ ಪಡೆದ ಮೇಲೆ ಅದು ಖರ್ಚಾಗಿ ಉಳಿಯುವುದಿಲ್ಲ. ಇವೆರಡನ್ನು ಕಳೆದರೆ ಉಳಿಯುವುದು 95,300. ಆಗಸ್ಟ್ 12ರ ರಾತ್ರಿ ಗಾಬರಿಯಿಂದ ಮಾಡಿದ 6,000 ರೂಪಾಯಿ ಖರೀದಿ 15ರಂದು ಖಾತೆಗೆ ಏರಿದೆ. ಏರಿದ ದಿನವನ್ನೇ ಹಿಡಿಯುವ ಬ್ಯಾಂಕ್‌ಗಳಲ್ಲಿ ಅದು ಹೊಸ ವರ್ಷದ ಪಾಲು, ಹಾಗಾದರೆ ನಿಮ್ಮ ಮೊತ್ತ 89,300. ನಾನಾದರೆ ಕೊನೆಯ ಹತ್ತು ದಿನಗಳನ್ನು ನಂಬುವುದೇ ಇಲ್ಲ, ಗುರಿಗಿಂತ ಐದಾರು ಸಾವಿರ ಹೆಚ್ಚಿಟ್ಟುಕೊಳ್ಳುತ್ತೇನೆ.

ಆ್ಯಪ್‌ನಲ್ಲಿ ಮನ್ನಾ ಗುರಿಯ ಪಟ್ಟಿ ಕಂಡರೆ ಅದನ್ನು ನೋಡಿ. ಇಲ್ಲದಿದ್ದರೆ ವರ್ಷ ಮುಗಿಯುವ ಎರಡು ತಿಂಗಳು ಮೊದಲೇ, ‘ಮನ್ನಾಕ್ಕೆ ಅರ್ಹ ಮೊತ್ತ ಎಷ್ಟು, ಕೊನೆಯ ದಿನ ಯಾವುದು’ ಎಂದು ಇಮೇಲ್‌ನಲ್ಲಿ ಕೇಳಿ. ಫೋನ್‌ನಲ್ಲಿ ಕೇಳಿದ ಭರವಸೆಗೆ ನಿಮ್ಮ ಬಳಿ ದಾಖಲೆ ಇರುವುದಿಲ್ಲ. ಕೆಲವು ಬ್ಯಾಂಕ್‌ಗಳು ಮೊದಲು ಶುಲ್ಕ ಹಾಕಿ ನಂತರ ವಾಪಸ್ ಜಮಾ ಮಾಡುತ್ತವೆ. ಹಾಗಾಗಿ ಗುರಿ ಮುಟ್ಟಿದವರು ಒಂದೇ ಬಿಲ್ ನೋಡಿ ಜಗಳಕ್ಕೆ ಹೋಗಬೇಡಿ.

ಪ್ರಶ್ನೆ: ಪರಿಚಿತರ ಅಂಗಡಿಯಲ್ಲಿ 40,000 ರೂಪಾಯಿಗೆ ಕಾರ್ಡ್ ಉಜ್ಜಿ, ಶೇ 2 ಕಮಿಷನ್ ಬಿಟ್ಟು ನಗದು ಪಡೆದರೆ ಗುರಿ ತಲುಪಬಹುದೇ?

ಶೇ 18 ಜಿಎಸ್‌ಟಿ ಸೇರಿದ 589 ರೂಪಾಯಿ ಉಳಿಸಲು 40,000ಕ್ಕೆ 800 ರೂಪಾಯಿ ಕೊಡುತ್ತೀರಾ? ಕಾರ್ಡ್ ರದ್ದಾಗುವ ಅಪಾಯ ಬೇರೆ. ಇದನ್ನು ಕಲಿಸುವ ಯೂಟ್ಯೂಬ್ ಪಂಡಿತರನ್ನು ದೂರವಿಡಿ.

ಪ್ರಶ್ನೆ: ಪತ್ನಿಯ ಆ್ಯಡ್-ಆನ್ ಕಾರ್ಡ್‌ನ ಖರ್ಚು?

ಸಾಮಾನ್ಯವಾಗಿ ಮೂಲ ಕಾರ್ಡ್‌ಗೇ ಸೇರುತ್ತದೆ.

ಪ್ರಶ್ನೆ: ‘ಜೀವಮಾನ ಉಚಿತ’ ಎಂದು ಏಜೆಂಟ್ ಹೇಳಿದ್ದರು.

ಬರಹದಲ್ಲಿದೆಯೇ? ಇಲ್ಲದಿದ್ದರೆ ಆ ಮಾತು ಬ್ಯಾಂಕ್‌ನದಲ್ಲ.