ಕಳೆದುಹೋದ ಲೈಬ್ರರಿ ಪುಸ್ತಕಕ್ಕೆ ಏನು ಮಾಡೋದು?

"ಲೈಬ್ರರಿ ಪುಸ್ತಕ ಕಳೆದುಹೋಗಿದೆ. ಹೊಸದು ಕೊಂಡು ಕೊಟ್ಟರೆ ಸಾಕಾ? ಸದಸ್ಯತ್ವ ಹೋಗುತ್ತಾ?"

ಕೊಳ್ಳುವ ಮೊದಲು ಕೌಂಟರಿನಲ್ಲಿ ಹೇಳಿ. ಸುಮ್ನಿದ್ದರೆ ತಡದ ದಂಡ ದಿನದಿನಕ್ಕೂ ಏರುತ್ತೆ. ಕಪಾಟನ್ನೂ ಒಮ್ಮೆ ನೋಡಲು ಕೇಳಿ. ವಾಪಸ್ ಬಂದ ಪುಸ್ತಕ ಲೆಕ್ಕಕ್ಕೆ ಹತ್ತದೆ ಕಪಾಟು ಸೇರಿರುವುದುಂಟು. ಬೆನ್ನಿನ ಚೀಟಿಯ ಸಂಖ್ಯೆ ವಿಷಯದ್ದು, ಅದು ಹಲವು ಪ್ರತಿಗಳಿಗೆ ಒಂದೇ. ಒಳಪುಟದ ಮುದ್ರೆಯಲ್ಲಿರುವ ನೋಂದಣಿ ಸಂಖ್ಯೆ ಮಾತ್ರ ನಿಮ್ಮ ಪ್ರತಿಯದು. ಅದು ನಿಮ್ಮ ಖಾತೆಯಲ್ಲಿರುತ್ತೆ, ಅದನ್ನೇ ಹೋಲಿಸಿ ನೋಡಲಿ.

ಸಿಗದಿದ್ದರೆ ಅದೇ ಆವೃತ್ತಿ ಬೇಕಾ, ಹೊಸ ಮುದ್ರಣ ಆಗುತ್ತಾ, ಬೆಲೆ ಕಟ್ಟಬೇಕಾ ಅಂತ ಕೇಳಿ. ಒಂದೊಂದು ಕಡೆ ಒಂದೊಂದು ನಿಯಮ. ಸದಸ್ಯತ್ವ ಸಾಮಾನ್ಯವಾಗಿ ಹೋಗಲ್ಲ, ಲೆಕ್ಕ ಮುಗಿಯುವವರೆಗೆ ಬೇರೆ ಪುಸ್ತಕ ಕೊಡಲಿಕ್ಕಿಲ್ಲ, ಅಷ್ಟೇ. ಕೊನೆಗೆ ರಸೀದಿ ತಗೊಳ್ಳಿ. ಖಾತೆಯಿಂದ ಆ ಪುಸ್ತಕ ತೆಗೆದದ್ದನ್ನು ಅಲ್ಲೇ ನೋಡಿಕೊಂಡು ಬನ್ನಿ.