ಅಮ್ಮನ ಹುಳಿಗೆ ಗ್ರಾಂ ಲೆಕ್ಕ

“ಅಕ್ಕಾ, ಕೆಲಸಕ್ಕೆ ಅಂತ ಜರ್ಮನಿಗೆ ಬಂದು ಮೂರು ತಿಂಗಳಾಯ್ತು. ತಿಂದದ್ದನ್ನೆಲ್ಲ ಆ್ಯಪ್‌ನಲ್ಲಿ ಬರೆದಿಡ್ತಾ ಇದ್ದೀನಿ. ಅಡುಗೆಗಳನ್ನ ಗ್ರಾಂ ಲೆಕ್ಕದಲ್ಲಿ ಕಳಿಸಮ್ಮ ಅಂತ ರಾಜಾಜಿನಗರಕ್ಕೆ ಪತ್ರ ಬರೆದೆ. ಹುಳಿಗೆ ‘ಬೇಳೆ 100 ಗ್ರಾಂ, ಕಾಯಿ 100 ಗ್ರಾಂ, ಎಣ್ಣೆ ಸ್ವಲ್ಪ’ ಅಂತ ಬಂತು. ಹಾಗೇ ಮಾಡಿದರೆ ಅಮ್ಮನ ಹುಳಿ ಆಗ್ತಿಲ್ಲ. ಸರಿಯಾದ ಅಳತೆ ಹೇಗೆ ಕೇಳಲಿ? ಮಿಕ್ಸಿ, ಕುಕ್ಕರ್ ಊರಿಂದ ತರಿಸಬೇಕಾ?”

ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ನೀನು ಅಂತಲೇ ಬರೆಯುತ್ತೇನೆ. ಮಿಕ್ಸಿ ತರಿಸಿಕೋ. ಇಲ್ಲೂ 230 ವೋಲ್ಟೇ, ಅರ್ಥಿಂಗ್ ಇರುವ ಅಡಾಪ್ಟರ್ ಒಂದು ಬೇಕು, ಅಷ್ಟೆ. ಕುಕ್ಕರ್ ತರಿಸುವ ಮುಂಚೆ ನಿನ್ನ ಒಲೆ ನೋಡು. ಇಂಡಕ್ಷನ್ ಆಗಿದ್ದರೆ ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಬಿಸಿಯೇ ಆಗುವುದಿಲ್ಲ.

ಈಗ ಅಳತೆ ವಿಷಯ. ನಾನು ಇಲ್ಲಿಗೆ ಬರುವಾಗ ನಮ್ಮಮ್ಮ ಬಸವನಗುಡಿ ಮನೆಯಲ್ಲಿ ಕೂತು ಒಂದು ನೋಟ್‌ಬುಕ್ ತುಂಬ ಅಡುಗೆ ಬರೆದುಕೊಟ್ಟಿದ್ದರು. ಎಲ್ಲ ಪಾವು, ಚಟಾಕು, ಹಿಡಿ ಲೆಕ್ಕ. ಇಲ್ಲಿ ಬಂದರೆ ಪಾವೇ ಇಲ್ಲ. ಒಂದು ಪಾವಿಗೆ ಇಷ್ಟು ಗ್ರಾಂ ಅಂತ ಒಂದೇ ಸಂಖ್ಯೆ ಹಿಡಿದುಕೊಂಡರೂ ನಡೆಯುವುದಿಲ್ಲ. ಅದೇ ಪಾವಿನಲ್ಲಿ ರವೆ ತೂಗಿದರೆ ಒಂದು, ಪೇಪರ್ ಅವಲಕ್ಕಿ ತೂಗಿದರೆ ಇನ್ನೊಂದು. ಪಾವು ಅಳೆಯುವುದು ಜಾಗವನ್ನು, ನಿನ್ನ ಆ್ಯಪ್ ಕೇಳುವುದು ತೂಕವನ್ನು.

ಅಮ್ಮನನ್ನು “ಎಷ್ಟು ಹಾಕ್ತೀಯ” ಅಂತ ಕೇಳಬೇಡ. ಅವರು ಯಾವತ್ತೂ ಎಷ್ಟು ಅಂತ ನೋಡಿ ಹಾಕಿದವರಲ್ಲ. ಇವತ್ತು ಊಟಕ್ಕೆ ಎಷ್ಟು ಜನ, ಯಾವ ಪಾತ್ರೆ, ಬೇಳೆ ಬೇಗ ಬೇಯುವುದಾ ಇಲ್ಲವಾ ಅಂತ ನೋಡಿ ಕೈ ತಾನಾಗೇ ಹಾಕುತ್ತದೆ. ಮಗ ದೂರದಿಂದ ಕೇಳಿದನಲ್ಲ ಅಂತ ಅವರು ಒಂದು ಸಂಖ್ಯೆ ಕೊಟ್ಟಿದ್ದಾರೆ. ಆ 100 ಪ್ರೀತಿಯ ಲೆಕ್ಕ, ತಕ್ಕಡಿಯದ್ದಲ್ಲ.

ಒಂದು ಡಿಜಿಟಲ್ ತಕ್ಕಡಿ ಮನೆಗೆ ಕಳಿಸು. ಒಂದೊಂದು ಗ್ರಾಂ ತೋರಿಸುವಂಥದ್ದು, 5 ಕಿಲೋ ತಡೆಯುವಂಥದ್ದು. ಬಟ್ಟಲಿಗೆ ಅಳೆದು ಹಾಕು ಅಂತ ಮಾತ್ರ ಹೇಳಬೇಡ, ಹಾಗೆ ಹೇಳಿದರೆ ಕೈ ಬದಲಾಗಿಬಿಡುತ್ತದೆ. ಬೇಳೆ ಡಬ್ಬವನ್ನೇ ಮುಚ್ಚಳ ತೆಗೆದು ತಕ್ಕಡಿ ಮೇಲೆ ಇಡಬೇಕು, ಸೊನ್ನೆ ಒತ್ತಬೇಕು. ಆಮೇಲೆ ಅಮ್ಮ ಎಂದಿನಂತೆ ಕೈ ಹಾಕಿ ತೆಗೆದುಕೊಳ್ಳಲಿ. ಮೈನಸ್ 120 ಅಂತ ತೋರಿಸಿದರೆ ತೆಗೆದದ್ದು 120 ಗ್ರಾಂ. ಎಣ್ಣೆಯದ್ದೂ ಹಾಗೇ. ಗಿಂಡಿ ಇಟ್ಟು ಸೊನ್ನೆ ಮಾಡು, ಒಗ್ಗರಣೆಗೆ ಸುರಿದು ವಾಪಸ್ ಇಡು, ಎಷ್ಟು ಇಳಿಯಿತು ನೋಡು. ಉಪ್ಪು, ಹುಳಿಪುಡಿ, ಬೆಲ್ಲಕ್ಕೂ ಇದೇ. ಸಾಸಿವೆ, ಇಂಗು ಬಿಟ್ಟುಬಿಡು, ತಕ್ಕಡಿಗೆ ಸಿಗುವುದಿಲ್ಲ, ಲೆಕ್ಕವೂ ಕೆಡುವುದಿಲ್ಲ. ಇಂಥ ತಕ್ಕಡಿಗಳು ಸ್ವಲ್ಪ ಹೊತ್ತು ಸುಮ್ನೆ ಬಿಟ್ಟರೆ ತಾವೇ ಆಫ್ ಆಗುತ್ತವೆ, ಸೊನ್ನೆ ಮಾಡಿದ್ದು ಮರೆತುಹೋಗುತ್ತದೆ. ಹಾಗಾಗಿ ಒಂದೊಂದನ್ನೂ ತೂಗಿದ ತಕ್ಷಣ ಬರೆದುಕೊಳ್ಳಬೇಕು.

ಬರೆಯುವ ಕೆಲಸ ನಿಮ್ಮಪ್ಪನಿಗೆ ಒಪ್ಪಿಸು. ಅಮ್ಮ ಬೆಳಿಗ್ಗೆ ಎಂಟಕ್ಕೆ ಒಲೆ ಹಚ್ಚಿದರೆ ನಿನಗಿಲ್ಲಿ ಚಳಿಗಾಲದಲ್ಲಿ ಮೂರೂವರೆ. ವಿಡಿಯೋ ಕಾಲ್ ಅಂತ ಎದ್ದು ಕೂರುವುದು ಒಂದು ದಿನದ ಉತ್ಸಾಹ. ನಮ್ಮಪ್ಪ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಕನ್ನಡಕ ಏರಿಸಿಕೊಂಡು ಬರೆದಿಟ್ಟದ್ದು ಈಗಲೂ ನನ್ನ ಹತ್ತಿರ ಇದೆ.

ಅದರಿಂದಲೇ ಒಂದು ಹುರುಳಿಕಾಯಿ ಹುಳಿ ಹೇಳುತ್ತೇನೆ. ಹಸಿ ತೊಗರಿಬೇಳೆ 120 ಗ್ರಾಂ, ಹುರುಳಿಕಾಯಿ 250, ಹಸಿ ಕಾಯಿತುರಿ 60, ಎಣ್ಣೆ 15, ಪುಡಿ 12, ಬೆಲ್ಲ 8. ಎಲ್ಲ ಕೂಡಿಸಿದರೆ ಸುಮಾರು 900 ಕ್ಯಾಲೊರಿ. ನೀರು ಎಷ್ಟು ಅಂತ ತಲೆ ಕೆಡಿಸಿಕೊಳ್ಳಬೇಡ. ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಟ್ಟುಕೋ, ಕುದಿದು ಇಳಿಸಿದ ಮೇಲೆ ಪಾತ್ರೆ ಸಮೇತ ತೂಗಿ ಅದನ್ನು ಕಳೆ. ತಕ್ಕಡಿ ಮೇಲೆ ಒಂದು ಮಣೆ ಇಟ್ಟು ಸೊನ್ನೆ ಮಾಡಿಕೋ, ಬಿಸಿ ಪಾತ್ರೆ ನೇರ ಇಟ್ಟರೆ ತಕ್ಕಡಿ ಹಾಳಾಗುತ್ತದೆ. ಅವತ್ತು ಹುಳಿ 1,200 ಗ್ರಾಂ ಇತ್ತು. ತಟ್ಟೆಗೆ 240 ಹಾಕಿಕೊಂಡರೆ ಐದರಲ್ಲಿ ಒಂದು ಪಾಲು, ಅಂದರೆ 180 ಕ್ಯಾಲೊರಿ. ಮಾರನೇ ದಿನ ಗಟ್ಟಿಯಾಯಿತು ಅಂತ ನೀರು ಬೆರೆಸಿದರೆ ಪಾತ್ರೆಯಲ್ಲಿ ಉಳಿದದ್ದನ್ನು ಇನ್ನೊಂದು ಸಲ ತೂಗಿ ಪಾಲು ಮಾಡಬೇಕು.

ಈ 900ರಲ್ಲಿ ಕಾಯಿ, ಎಣ್ಣೆ ಎರಡೇ ಸೇರಿ ಮೂರನೇ ಒಂದಕ್ಕಿಂತ ಜಾಸ್ತಿ. “ಎಣ್ಣೆ ಸ್ವಲ್ಪ” ಅಂತ ಬಿಟ್ಟರೆ ಲೆಕ್ಕ ತಪ್ಪುವುದು ಅಲ್ಲೇ. ಕಾಯಿಯಲ್ಲಿ ಇನ್ನೊಂದು ಎಡವಟ್ಟಿದೆ. ಹಸಿ ಕಾಯಿ 100 ಗ್ರಾಂಗೆ ಸುಮಾರು 350 ಕ್ಯಾಲೊರಿ, ಇಲ್ಲಿನ ಅಂಗಡಿಯ ಒಣ ಕೊಬ್ಬರಿ ತುರಿಗೆ 660ರ ಹತ್ತಿರ. ಅಮ್ಮನ 60 ಗ್ರಾಂ ಅಂತ ಒಣ ತುರಿ ಸುರಿದರೆ ಲೆಕ್ಕವೂ ಹೋಯಿತು, ಹುಳಿಯೂ ಹೋಯಿತು. ನಮ್ಮವರ ಅಂಗಡಿಯಲ್ಲಿ ಫ್ರೋಜನ್ ಕಾಯಿತುರಿ ಸಿಗುತ್ತದೆ, ಅದನ್ನೇ ತಗೋ. ಅನ್ನ, ಬೇಳೆಯಲ್ಲೂ ಹಸಿ ತೂಕವಾ, ಬೆಂದ ತೂಕವಾ ಅಂತ ನೋಡಿ ಬರೆ. ಬೆಂದ ಅನ್ನ 100 ಗ್ರಾಂಗೆ 130 ಕ್ಯಾಲೊರಿ, ಅಕ್ಕಿಗೆ 360ರ ಸುಮಾರು.

ಒಂದು ಸಲದ ತೂಕ ನಂಬಬೇಡ. ಮೊದಲ ಸಲ ತಕ್ಕಡಿ ನೋಡಿದಾಗ ಎಲ್ಲ ಅಮ್ಮಂದಿರೂ ಎಣ್ಣೆ ಕಮ್ಮಿ ಹಾಕುತ್ತಾರೆ, ಮಗ ಲೆಕ್ಕ ನೋಡುತ್ತಾನಲ್ಲ ಅಂತ. ಅದೇ ಅಡುಗೆ ಬೇರೆ ಬೇರೆ ದಿನ ಮೂರು ಸಲ ತೂಗಿಸು. ಎರಡನೇ, ಮೂರನೇ ಸಲಕ್ಕೆ ತಕ್ಕಡಿ ಇರುವುದೇ ಮರೆತು ಕೈ ತನ್ನ ದಾರಿಗೆ ಬರುತ್ತದೆ.

ನನಗೆ ಉಳಿದ ಕೊರಗು ಇದರದ್ದೇ. ನಮ್ಮ ಮನೆಗೆ ತಕ್ಕಡಿ ಬರುವ ಹೊತ್ತಿಗೆ ಅಪ್ಪನಿಗೆ ಬಿಪಿ ಶುರುವಾಗಿತ್ತು. ಡಾಕ್ಟರು ಉಪ್ಪು, ಎಣ್ಣೆ ಇಳಿಸಿ ಅಂದಿದ್ದರು, ಅಮ್ಮ ಇಳಿಸಿದ್ದರು. ನನ್ನ ಹತ್ತಿರ ಇರುವ ಪ್ರತಿ ಗ್ರಾಮೂ ಸರಿಯಾದದ್ದೇ, ಆದರೆ ಅದು ಅಪ್ಪನ ಪಥ್ಯದ ಹುಳಿ. ನಾನು ಕಾಲೇಜಿಂದ ಬಂದು ಬಿಸಿ ಅನ್ನಕ್ಕೆ ಕಲಸಿ ತಿಂದ ಹುಳಿಯನ್ನು ಯಾರೂ ತೂಗಲಿಲ್ಲ. ಅಮ್ಮನನ್ನು ಕೇಳಿದರೆ “ಆಗ ಸ್ವಲ್ಪ ಜಾಸ್ತಿ ಹಾಕ್ತಿದ್ದೆ ಕಣೇ” ಅನ್ನುತ್ತಾರೆ. ಉಪ್ಪನ್ನು ಒಂದೆರಡು ಗ್ರಾಂ ಏರಿಸಿ ನೋಡುತ್ತೇನೆ, ಹತ್ತಿರ ಬರುತ್ತದೆ, ಅದೇ ಆಗುವುದಿಲ್ಲ. ನಿಮ್ಮ ಮನೆಯಲ್ಲಿ ಇನ್ನೂ ಹಳೆ ಕೈಯೇ ನಡೆಯುತ್ತಿದ್ದರೆ ಈ ತಿಂಗಳೇ ತೂಗಿಸು. ಈಗಾಗಲೇ ಪಥ್ಯ ಶುರುವಾಗಿದ್ದರೆ, ನಾನಿದ್ದಾಗ ಮಾಡುತ್ತಿದ್ದ ಹಾಗೆ ಒಂದು ದಿನ ಮಾಡಮ್ಮ ಅಂತ ಬಾಯಿಬಿಟ್ಟು ಕೇಳು.

ಹುಳಿಪುಡಿಯನ್ನು ಬೇರೆಯಾಗಿಯೇ ಬರೆಸಿಕೋ. ಬೇಸಿಗೆಯಲ್ಲಿ ವರ್ಷದ ಪುಡಿ ಮಾಡುವಾಗ ಧನಿಯಾ, ಬ್ಯಾಡಗಿ ಮೆಣಸಿನಕಾಯಿ, ಕಡಲೆಬೇಳೆ, ಮೆಂತ್ಯ ಎಲ್ಲವನ್ನೂ ಹುರಿಯುವ ಮುಂಚೆ ತೂಗಬೇಕು. ಹುರಿದ ಮೇಲೆ ತೇವ ಹೋಗಿ ತೂಕ ಇಳಿಯುತ್ತದೆ. ಮೆಣಸಿನಕಾಯಿಯನ್ನು ತೊಟ್ಟು ತೆಗೆದ ಮೇಲೆ ತೂಗಿದ್ದಾ, ಮೊದಲೇ ತೂಗಿದ್ದಾ ಅನ್ನುವುದನ್ನೂ ಅಪ್ಪ ಪಕ್ಕದಲ್ಲಿ ಬರೆದಿಡಲಿ.