ಕಾರಣ ಗೊತ್ತಾಗುವ ಮೊದಲೇ ಮೆಸೇಜ್ ಹೋಗಲಿ

"ಬಾಯ್ಲರ್ ದಿಢೀರ್ ಟ್ರಿಪ್ ಆಗಿ ಪ್ಲಾಂಟ್ ನಿಂತರೆ, ಕಾರಣ ಗೊತ್ತಿಲ್ಲದೆ ಜನಕ್ಕೆ ಏನು ಹೇಳಲಿ?"

ಕಾರಣ ಸಿಗಲಿ ಅಂತ ಕಾಯಬೇಡಿ. ಇಂಥದ್ದೇ ರಾತ್ರಿ ನಾನು 15 ನಿಮಿಷದೊಳಗೆ ಕಳಿಸಿದ್ದು ಇಷ್ಟೇ: "2:10ಕ್ಕೆ ಬಾಯ್ಲರ್ ನಿಂತಿದೆ. ಹಾಜರಿ ತೆಗೆದುಕೊಂಡೆವು, ಎಲ್ಲರೂ ಕ್ಷೇಮ. ಕಾರಣ ಇನ್ನೂ ಗೊತ್ತಿಲ್ಲ. ನಾನು ಹೇಳುವವರೆಗೆ ಯಾರೂ ರೀಸ್ಟಾರ್ಟ್ ಮಾಡಬೇಡಿ. ಮುಂದಿನ ಮೆಸೇಜ್ 2:40ಕ್ಕೆ."

2:40ಕ್ಕೆ ಹೊಸದೇನೂ ಇರಲಿಲ್ಲ. ಆದರೂ "ಇನ್ನೂ ಹುಡುಕುತ್ತಿದ್ದೇವೆ" ಅಂತ ಕಳಿಸಿದೆ. ಆಮೇಲೆ ಫೋನ್‌ಗಳು ಕಡಿಮೆಯಾದವು. ಎಷ್ಟು ಹೊತ್ತಿಗೆ ಶುರುವಾಗುತ್ತೆ ಅಂತ ಸುಮ್ನೆ ಅಂದಾಜು ಹೇಳಬೇಡಿ, ಅದನ್ನೇ ಹಿಡಿದುಕೊಳ್ಳುತ್ತಾರೆ.

ತಕ್ಷಣ ತೆಗೆದುಕೊಳ್ಳಬೇಕಾದ ನಿರ್ಧಾರ ಅಂದರೆ ರೀಸ್ಟಾರ್ಟ್ ತಡೆಯುವುದು. ನೀರು ಕಡಿಮೆಯಾಗಿ ಟ್ರಿಪ್ ಆಗಿದ್ದರೆ, ಬೇಗ ಶುರು ಮಾಡಿ ಅನ್ನುವವರ ಒತ್ತಡಕ್ಕೆ ಮಣಿದು ಕಾದ ಟ್ಯೂಬ್‌ಗಳಿಗೆ ನೀರು ಬಿಟ್ಟರೆ ಬಾಯ್ಲರೇ ಸಿಡಿಯಬಹುದು. ಗೇಜ್ ಗ್ಲಾಸ್‌ನಲ್ಲಿ ನೀರು ಕಾಣದಿದ್ದರೆ ಉರಿ ಆರಿಸಿ, ತಣಿಯಲು ಬಿಡಿ.